ಎರಡು ನಿಮಿಷದ ಕೆಲಸ, ಎದೆ ಭಾರವಾಗಿಸುವ ಕೆಲಸ: ನನ್ನ ಪ್ರೆಸ್ಸಿನ ಅನುಭವ

ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಪ್ರಿಂಟಿಂಗ್ ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಕರಪತ್ರ, ಇಂಥವೇ ಜಾಸ್ತಿ. ಮಷೀನ್ ಕೆಲಸವನ್ನು ನಾನು ಯಾವತ್ತೂ ನಾಳೆಗೆ ಹಾಕಿದವನಲ್ಲ. ನಾಳೆಗೆ ಹಾಕುತ್ತಿದ್ದದ್ದು ಎರಡೇ ಕೆಲಸ. ಒಂದು, ಗಿರಾಕಿಗಳಿಗೆ ಫೋನ್ ಮಾಡಿ ಬಾಕಿ ಕೇಳುವುದು. ಇನ್ನೊಂದು, ತಿಂಗಳ ಜಿಎಸ್‌ಟಿ ರಿಟರ್ನ್. 20ನೇ ತಾರೀಖು ದಾಟಿದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಕಟ್ಟಬೇಕಾದ ತೆರಿಗೆಗೆ ವರ್ಷಕ್ಕೆ ಶೇ 18ರ ಲೆಕ್ಕದಲ್ಲಿ ಬಡ್ಡಿ. ಇದೆಲ್ಲ ಗೊತ್ತಿದ್ದೂ ಒಂದೇ ವರ್ಷದಲ್ಲಿ ನಾಲ್ಕು ಸಲ ತಡ ಮಾಡಿದೆ.

ಆಮೇಲೆ ಎರಡು ನಿಯಮಗಳನ್ನು ಹಿಡಿದೆ. ಎರಡು ನಿಮಿಷದೊಳಗೆ ಮುಗಿಯುವ ಕೆಲಸವನ್ನು ಕಂಡ ಕೂಡಲೇ ಮುಗಿಸು ಅನ್ನುವುದು ಒಂದು. ಯಾವ ಕೆಲಸಕ್ಕೆ ಮನಸ್ಸು ಹಿಂದೇಟು ಹಾಕುತ್ತದೋ ಅದನ್ನು ಬೆಳಿಗ್ಗೆ ಮೊದಲು ಮಾಡು ಅನ್ನುವುದು ಇನ್ನೊಂದು. ಎರಡನ್ನೂ ಒಟ್ಟಿಗೇ ಶುರು ಮಾಡಿದೆ. ಮೊದಲ ತಿಂಗಳು ಎರಡೂ ಕೈಕೊಟ್ಟವು.

ಎರಡು ನಿಮಿಷದ ನಿಯಮ ಕೆಟ್ಟದ್ದು ಹೀಗೆ. ಒಂಬತ್ತೂವರೆಗೆ ಷಟರ್ ಎತ್ತಿ ವಾಟ್ಸಾಪ್ ತೆರೆಯುತ್ತಿದ್ದೆ. ಒಬ್ಬರಿಗೆ ರೇಟ್ ಹೇಳಬೇಕು, ಇನ್ನೊಬ್ಬರಿಗೆ ಹಳೆಯ ಡಿಸೈನ್ ಕಳಿಸಬೇಕು, ಮತ್ತೊಬ್ಬರ ಪತ್ರಿಕೆಯಲ್ಲಿ ಮುಹೂರ್ತದ ಸಮಯ ತಿದ್ದಬೇಕು. ಎಲ್ಲವೂ ಎರಡೇ ನಿಮಿಷದ್ದು ಅಂತ ಒಂದೊಂದಾಗಿ ಮುಗಿಸುತ್ತಾ ಹೋದೆ. ತಲೆ ಎತ್ತಿದರೆ ಹನ್ನೆರಡೂವರೆ. ಕೆಲಸ ಮಾಡಿದ ಸಮಾಧಾನವೇನೋ ಇರುತ್ತಿತ್ತು. ಬಾಕಿಯ ಪಟ್ಟಿ ಮಾತ್ರ ಡ್ರಾಯರಿನಿಂದ ಹೊರಗೇ ಬಂದಿರುತ್ತಿರಲಿಲ್ಲ.

ಸಂಶಯ ಬಂದು ಮೂರು ದಿನ ಫೋನಿನ ಸ್ಟಾಪ್‌ವಾಚ್ ಇಟ್ಟುಕೊಂಡು ನೋಡಿದೆ. ರೇಟ್ ಹೇಳಲು ನಿಜವಾಗಿಯೂ ಒಂದು ನಿಮಿಷ ಸಾಕಾಯಿತು. ಆದರೆ ಪತ್ರಿಕೆಯ ತಿದ್ದುಪಡಿ ಹನ್ನೊಂದು ನಿಮಿಷ ತಿಂದಿತು. ಯಾಕೆಂದರೆ ಗಿರಾಕಿ ವಾಟ್ಸಾಪಿನಲ್ಲಿ ಕಳಿಸುವುದು ಯೂನಿಕೋಡ್ ಕನ್ನಡ. ನನ್ನ ಹಳೆಯ ಡಿಸೈನ್ ಫೈಲುಗಳೆಲ್ಲ ನುಡಿ ಫಾಂಟಿನಲ್ಲಿವೆ. ಅಕ್ಷರ ಕನ್ವರ್ಟ್ ಮಾಡಬೇಕು, ಒತ್ತಕ್ಷರ ಒಡೆದಿದೆಯಾ ನೋಡಬೇಕು, ಪ್ರೂಫ್ ಕಳಿಸಬೇಕು, ಅವರು ನೋಡಿ ಸರಿ ಅನ್ನಬೇಕು. ತಿದ್ದುವುದು ಒಂದೇ ಪದ, ಅದರ ಹಿಂದೆ ಇಷ್ಟು ಕೆಲಸ. ನನ್ನ ಪಟ್ಟಿಯಲ್ಲಿ 'ಎರಡು ನಿಮಿಷ' ಅಂದುಕೊಂಡಿದ್ದರಲ್ಲಿ ಅರ್ಧದಷ್ಟು ಹೀಗೇ ಇದ್ದವು. ಹೊಸದಾಗಿ ಶುರು ಮಾಡುವವರು ಈ ಮೂರು ದಿನದ ಅಳತೆಯನ್ನು ದಯವಿಟ್ಟು ಬಿಡಬೇಡಿ. ಅಂದಾಜಿನ ಮೇಲೆ ಈ ನಿಯಮ ನಡೆಯುವುದಿಲ್ಲ.

ಇನ್ನೂ ಒಂದು ತಪ್ಪು ತಿಳಿದುಕೊಂಡಿದ್ದೆ. ಈ ಎರಡು ನಿಮಿಷದ ನಿಯಮವನ್ನು ಅಮೆರಿಕದ ಲೇಖಕ ಡೇವಿಡ್ ಆಲೆನ್ ಅವರು 2001ರ ತಮ್ಮ 'ಗೆಟಿಂಗ್ ಥಿಂಗ್ಸ್ ಡನ್' ಪುಸ್ತಕದಲ್ಲಿ ಹೇಳಿದ್ದು ಬಂದು ಬಿದ್ದ ರಾಶಿಯನ್ನು ವಿಂಗಡಿಸುವ ಹೊತ್ತಿಗೆ. ಅಷ್ಟು ಸಣ್ಣ ಕೆಲಸವನ್ನು ಬರೆದಿಟ್ಟು, ನೆನಪಿಟ್ಟು, ಮತ್ತೆ ಹುಡುಕಿ ತೆಗೆಯುವುದಕ್ಕೇ ಜಾಸ್ತಿ ಹೊತ್ತು ಬೇಕು, ಅದಕ್ಕೇ ಅಲ್ಲೇ ಮುಗಿಸಿಬಿಡು ಅಂತ. ದಿನವಿಡೀ ಸಣ್ಣ ಕೆಲಸ ಹುಡುಕಿಕೊಂಡು ಹೋಗು ಅಂತ ಅಲ್ಲ. ಹಾಗಾಗಿ ಈಗ ಮಧ್ಯಾಹ್ನ ಊಟಕ್ಕೆ ಮುಂಚೆ ಇಪ್ಪತ್ತು ನಿಮಿಷ, ಸಂಜೆ ಷಟರ್ ಎಳೆಯುವ ಮುಂಚೆ ಇಪ್ಪತ್ತು ನಿಮಿಷ, ಅಷ್ಟರೊಳಗೆ ಮಾತ್ರ ಈ ನಿಯಮ. ಒಂದು ಸಣ್ಣ ಕೆಲಸ ಮುಗಿದ ತಕ್ಷಣ ಇನ್ನೊಂದನ್ನು ಕಣ್ಣು ತಾನಾಗಿಯೇ ಹುಡುಕಲು ಶುರು ಮಾಡಿದರೆ, ನಾನು ಯಾವುದರಿಂದಲೋ ತಪ್ಪಿಸಿಕೊಳ್ಳುತ್ತಿದ್ದೇನೆ ಅಂತ ಅರ್ಥ. ಅಲ್ಲಿಗೆ ಫೋನ್ ಕೆಳಗಿಡುತ್ತೇನೆ.

ಇನ್ನು ಹೆದರುವ ಕೆಲಸ ಮೊದಲು ಅನ್ನುವ ನಿಯಮ. ಮೊದಲ ದಿನವೇ ಒಂಬತ್ತೂಮುಕ್ಕಾಲಿಗೆ ಒಬ್ಬ ಬಟ್ಟೆ ಅಂಗಡಿಯವರಿಗೆ ಫೋನ್ ಮಾಡಿದೆ. ಬಿಲ್ ಬುಕ್ಕಿನ ಬಾಕಿ ಎರಡು ತಿಂಗಳಿಂದ ಇತ್ತು. "ಇನ್ನೂ ಬೋಣಿಗೇನೇ ಆಗಿಲ್ಲ, ಅಷ್ಟೊತ್ತಿಗೇ ಕೇಳ್ತೀರಲ್ಲ ಅಣ್ಣಾ" ಅಂದರು. ಅವರದು ತಪ್ಪಲ್ಲ. ಮೊದಲ ವ್ಯಾಪಾರ ಆಗುವ ಮುಂಚೆ ಗಲ್ಲಾದಿಂದ ದುಡ್ಡು ತೆಗೆಯಲು ನಮ್ಮ ಕಡೆ ಯಾರೂ ಇಷ್ಟಪಡುವುದಿಲ್ಲ. ಶುಕ್ರವಾರವೂ ಅಷ್ಟೇ, ಲಕ್ಷ್ಮಿಯನ್ನು ಹೊರಗೆ ಕಳಿಸಬಾರದು ಅನ್ನುವವರು ಬಹಳ ಜನ. ನಾನು ಧೈರ್ಯ ಮಾಡಿ ಮಾಡಿದ ಫೋನ್ ವ್ಯರ್ಥವಾಯಿತು. ಮರುದಿನದ ಹೆದರಿಕೆ ಇನ್ನಷ್ಟು ಹೆಚ್ಚಾಯಿತು.

ಹೆದರುವ ಕೆಲಸ ಇನ್ನೊಬ್ಬರ ಕೈಯಲ್ಲಿದ್ದರೆ, 'ಮೊದಲು' ಅಂದರೆ ನನ್ನ ದಿನದ ಮೊದಲಲ್ಲ, ಅವರು ಸಿಗುವ ಹೊತ್ತು ಶುರುವಾದ ಕೂಡಲೇ ಅಂತ ಇಟ್ಟುಕೊಂಡೆ. ಬಾಕಿ ಫೋನುಗಳಿಗೆ ಸೋಮವಾರ ಮತ್ತು ಬುಧವಾರ ಹನ್ನೊಂದೂವರೆ. ದಿನಕ್ಕೆ ಮೂರೇ ಫೋನ್. ಹೆಸರು, ಮೊತ್ತ, ಬಿಲ್ ತಾರೀಖು ಇವನ್ನು ಹಿಂದಿನ ಸಂಜೆಯೇ ಚೀಟಿಯಲ್ಲಿ ಬರೆದು ಗಲ್ಲಾದ ಮೇಲೆ ಅಂಟಿಸುತ್ತೇನೆ. ಬರೆಯುವುದು ನಿಜವಾಗಿಯೂ ಎರಡು ನಿಮಿಷದ ಕೆಲಸ. ಚೀಟಿ ಎದುರಿಗಿದ್ದರೆ ಯಾರಿಗೆ ಮಾಡಲಿ, ಎಷ್ಟು ಕೇಳಲಿ ಅನ್ನುವ ಗೊಂದಲವೇ ಇರುವುದಿಲ್ಲ. ಸುಮ್ನೆ ನಂಬರ್ ಒತ್ತುವುದಷ್ಟೇ.

ಜಿಎಸ್‌ಟಿಯ ಕಥೆ ಬೇರೆ. 'ಇವತ್ತು ಮೊದಲು ರಿಟರ್ನ್' ಅಂತ ಬರೆದುಕೊಂಡು ಕೂತರೆ ಕಂಪ್ಯೂಟರ್ ಎದುರು ಒಂದು ಗಂಟೆ ಹೋಗುತ್ತಿತ್ತು, ರಿಟರ್ನೂ ಆಗುತ್ತಿರಲಿಲ್ಲ, ಬೇರೆ ಕೆಲಸವೂ ಆಗುತ್ತಿರಲಿಲ್ಲ. ಒಂದು ಸಂಜೆ ಕೂತು ನನ್ನನ್ನೇ ಕೇಳಿಕೊಂಡೆ: ಇದರಲ್ಲಿ ನನಗೆ ಬೇಡವೆನಿಸುವುದು ಯಾವ ಭಾಗ? ಮಾರಾಟದ ಲೆಕ್ಕ ಅಲ್ಲ, ಅದು ಕಂಪ್ಯೂಟರಿನಲ್ಲೇ ಇದೆ. ಚಲನ್ ಕಟ್ಟುವುದೂ ಅಲ್ಲ. ಪೇಪರ್ ಕೊಡುವ ಒಬ್ಬ ವ್ಯಾಪಾರಿ ತಮ್ಮ ಬಿಲ್ಲನ್ನು ಪೋರ್ಟಲ್‌ಗೆ ಹಾಕಲು ಪದೇಪದೇ ತಡ ಮಾಡುತ್ತಿದ್ದರು. ಅವರು ಹಾಕದಿದ್ದರೆ ಆ ಖರೀದಿಗೆ ಕಟ್ಟಿದ ತೆರಿಗೆ, ಪೋರ್ಟಲ್ ತಿಂಗಳಿಗೊಮ್ಮೆ ಕೊಡುವ ನನ್ನ ಖರೀದಿಯ 2ಬಿ ಪಟ್ಟಿಯಲ್ಲಿ ಕಾಣುವುದಿಲ್ಲ. ಕಾಣದಿದ್ದರೆ ನಾನು ಕಟ್ಟುವ ತೆರಿಗೆಯಲ್ಲಿ ಅದನ್ನು ಕಳೆಯಲು ಬರುವುದಿಲ್ಲ, ಅಷ್ಟನ್ನೂ ಕೈಯಿಂದ ಕಟ್ಟಬೇಕು. ಹಿರಿಯರು, ಅಪ್ಪನ ಕಾಲದಿಂದ ಪರಿಚಯ. ಅವರನ್ನು ಕೇಳುವುದೇ ನನಗೆ ಕಷ್ಟ. ಆ ಒಂದು ಫೋನಿಗಾಗಿ ಇಡೀ ರಿಟರ್ನ್ ನಿಂತಿರುತ್ತಿತ್ತು.

ಇನ್ನೊಂದೂ ಗೊತ್ತಾಯಿತು. ಅವರು ಹಿಂದಿನ ತಿಂಗಳ ಬಿಲ್ಲನ್ನು 11ನೇ ತಾರೀಖಿನೊಳಗೆ ಹಾಕಿದರೆ ಮಾತ್ರ 14ಕ್ಕೆ ಬರುವ ನನ್ನ ಪಟ್ಟಿಯಲ್ಲಿ ಸೇರುತ್ತದೆ. ಆಮೇಲೆ ಹಾಕಿದರೆ ಮುಂದಿನ ತಿಂಗಳಿಗೆ ಹೋಗುತ್ತದೆ. ನಾನು ಮನಸ್ಸು ಗಟ್ಟಿ ಮಾಡಿಕೊಂಡು 18ಕ್ಕೆ ಕೇಳಿದರೆ ಏನೂ ಉಪಯೋಗವಿಲ್ಲ, ಅಲ್ವಾ?

ಈಗ 8ನೇ ತಾರೀಖು ಬೆಳಿಗ್ಗೆ ಹತ್ತಕ್ಕೆ, ಬೇರೆ ಏನನ್ನೂ ಮುಟ್ಟುವ ಮೊದಲು ಆ ಒಂದು ಫೋನ್. "ಸಾವ್ಕಾರ್ರೇ, ನಮ್ಮ ಮೂರು ಬಿಲ್ ಇದ್ವು, ಹನ್ನೊಂದರೊಳಗೆ ಹಾಕಿಸ್ತೀರಾ?" ಬಿಲ್ ನಂಬರ್ ಮೊದಲೇ ವಾಟ್ಸಾಪಿನಲ್ಲಿ ಕಳಿಸಿರುತ್ತೇನೆ. ಮೊದಲ ಸಲ ಆ ಮಾತು ನಾಲ್ಕು ನಿಮಿಷದಲ್ಲಿ ಮುಗಿಯಿತು. 14ಕ್ಕೆ ಸಂಜೆಯ ಇಪ್ಪತ್ತು ನಿಮಿಷದಲ್ಲಿ ಪಟ್ಟಿ ಡೌನ್‌ಲೋಡ್ ಮಾಡಿ, ಕಾಣದ ಬಿಲ್ಲಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತೇನೆ. 16ಕ್ಕೆ ಬೆಳಿಗ್ಗೆ ಮೊದಲು ರಿಟರ್ನಿಗೆ ಕೂರುತ್ತೇನೆ. ಅಷ್ಟೊತ್ತಿಗೆ ಉಳಿದಿರುವುದು ಅಂಕಿ ಹೊಂದಿಸಿ, ಚಲನ್ ಕಟ್ಟಿ, ಓಟಿಪಿ ಒತ್ತುವುದು ಮಾತ್ರ. ಮೂವತ್ತೈದರಿಂದ ನಲವತ್ತು ನಿಮಿಷ ಸಾಕು.

ನೀವು ಈಗಷ್ಟೇ ಶುರು ಮಾಡುವವರಾದರೆ ಎರಡನ್ನೂ ಒಂದೇ ದಿನ ಹಿಡಿಯಬೇಡಿ. ನಿಮ್ಮ ಹೆದರಿಕೆಯ ಕೆಲಸವನ್ನು ಒಂದೇ ಕ್ರಿಯೆಯಾಗಿ ಬರೆಯಲು ಆಗುತ್ತಾ ನೋಡಿ: ಯಾರಿಗೆ ಫೋನ್, ಯಾವ ಫಾರಂ, ಯಾವ ಕಾಗದ. ಬರೆಯಲು ಬಂದರೆ ಅದನ್ನು ಮೊದಲು ಮಾಡಿ. ಬರದಿದ್ದರೆ ಬೆಳಿಗ್ಗೆ ಅದರ ಎದುರು ಕೂರಬೇಡಿ. ಹಿಂದಿನ ಸಂಜೆಯ ಸಣ್ಣ ಕೆಲಸಗಳ ಹೊತ್ತಿನಲ್ಲಿ ಅದನ್ನು ಬಿಡಿಸಿ ಬರೆಯುವುದಕ್ಕೇ ಮೊದಲ ಎರಡು ನಿಮಿಷ ಕೊಡಿ. ಚೀಟಿಯಲ್ಲಿ 'ಜಿಎಸ್‌ಟಿ' ಅಂತ ಬರೆದಿದ್ದ ತಿಂಗಳುಗಳಲ್ಲೇ ನನಗೆ ತಡವಾದದ್ದು. 'ಪೇಪರ್ ಸಾವ್ಕಾರ್ರಿಗೆ ಫೋನ್, ಮೂರು ಬಿಲ್' ಅಂತ ಬರೆಯಲು ಶುರು ಮಾಡಿದ ಮೇಲೆ ಏಳು ತಿಂಗಳಿಂದ 20 ದಾಟಿಲ್ಲ.