ಎರಡೂ ಸರಿ, ಆದರೆ ಅದೇ ಕಾರಣವಾ?

ಮಂಗಳೂರಿನಲ್ಲಿ ನೀಟ್‌ಗೆ ಓದುವ ಪಿಯುಸಿ ಮಕ್ಕಳಿಗೆ ನಾನು ಬಯಾಲಜಿ ಹೇಳಿಕೊಡುತ್ತೇನೆ. ಅಸರ್ಷನ್-ರೀಸನ್ ಪ್ರಶ್ನೆಯಲ್ಲಿ ಒಂದು ಹೇಳಿಕೆ, ಅದರ ಕೆಳಗೆ ಒಂದು ಕಾರಣ ಇರುತ್ತದೆ; ಎರಡೂ ಸರಿಯಾ, ಸರಿಯಾದರೆ ಆ ಕಾರಣ ಹೇಳಿಕೆಯನ್ನು ವಿವರಿಸುತ್ತದಾ ಎಂದು ಹೇಳಬೇಕು. ಅವರು ಹೆಚ್ಚಾಗಿ ಎಡವುವುದು ಎರಡೂ ಸಾಲು ಸರಿ ಇದ್ದಾಗ. ಎರಡರಲ್ಲೂ ಒಂದೇ ವಿಷಯ ಕಂಡಿತೋ, 'ಸರಿಯಾದ ವಿವರಣೆ' ಎಂದು ಟಿಕ್ ಹಾಕಿ ಮುಂದೆ ಹೋಗಿಬಿಡುತ್ತಾರೆ.

ಅದಕ್ಕೆ ನಾನು ಈ ಪ್ರಶ್ನೆಯನ್ನು ಬೋರ್ಡಿನಲ್ಲಿ ಬರೆಯುತ್ತೇನೆ.

ಅಸರ್ಷನ್: ಮನುಷ್ಯನ ಬೆಳೆದ ಕೆಂಪು ರಕ್ತಕಣಗಳು ಆಮ್ಲಜನಕ ಬಳಸದೆಯೇ ಗ್ಲೂಕೋಸ್ ಒಡೆದು ಶಕ್ತಿ ಪಡೆಯುತ್ತವೆ.
ರೀಸನ್: ಬೆಳೆದ ಕೆಂಪು ರಕ್ತಕಣಗಳಲ್ಲಿ ನ್ಯೂಕ್ಲಿಯಸ್ ಇರುವುದಿಲ್ಲ.

ಎರಡೂ ನಿಜ. ಈಗ ರೀಸನ್ ಸಾಲನ್ನು ಕೈಯಿಂದ ಮುಚ್ಚಿಸುತ್ತೇನೆ. ಮೇಲಿನ ಸಾಲಿಗೆ ಸುಮ್ನೆ "ಯಾಕೆ?" ಎಂದು ಕೇಳಿಕೊಂಡು ಅವರೇ ಉತ್ತರ ಬರೆಯಬೇಕು. ಆಮ್ಲಜನಕ ಬಳಸಿ ಶಕ್ತಿ ಮಾಡುವ ಕೆಲಸ ಮೈಟೊಕಾಂಡ್ರಿಯದ್ದು. ಈ ಕಣದಲ್ಲಿ ಮೈಟೊಕಾಂಡ್ರಿಯ ಇಲ್ಲ. ಉಳಿಯುವುದು ಸೈಟೊಪ್ಲಾಸಂನಲ್ಲಿ ನಡೆಯುವ ಗ್ಲೈಕಾಲಿಸಿಸ್ ಮಾತ್ರ, ಅದಕ್ಕೆ ಆಮ್ಲಜನಕ ಬೇಡ. ಇಷ್ಟು ಬರೆದು ಕೈ ತೆಗೆದರೆ ಕೊಟ್ಟ ಕಾರಣ ಬೇರೆಯೇ ಆಗಿರುತ್ತದೆ.

ಆದರೂ ಕೆಲವರಿಗೆ ಅನುಮಾನ ಹೋಗುವುದಿಲ್ಲ. "ನ್ಯೂಕ್ಲಿಯಸ್ ಇಲ್ಲದಿದ್ದರೆ ಆಮ್ಲಜನಕ ಬಳಸುವುದಕ್ಕೂ ತೊಂದರೆ ಆಗುತ್ತದಲ್ವಾ ಸರ್?" ಎನ್ನುತ್ತಾರೆ. ಒಳ್ಳೆಯ ಪ್ರಶ್ನೆ. ಆಗ ನ್ಯೂಕ್ಲಿಯಸ್ ಇಲ್ಲದ ಇನ್ನೊಂದು ಕಣ ಹುಡುಕಿ ಎನ್ನುತ್ತೇನೆ. ಮಳೆಗಾಲದ ಡೆಂಗ್ಯೂ ದೆಸೆಯಿಂದ ನಮ್ಮೂರಲ್ಲಿ ಪ್ಲೇಟ್‌ಲೆಟ್ ಹೆಸರು ಕೇಳದ ಮನೆಯಿಲ್ಲ. ಪ್ಲೇಟ್‌ಲೆಟ್‌ಗೂ ನ್ಯೂಕ್ಲಿಯಸ್ ಇಲ್ಲ. ಆದರೆ ಮೈಟೊಕಾಂಡ್ರಿಯ ಇದೆ, ಅದು ಆಮ್ಲಜನಕ ಬಳಸುತ್ತದೆ. ಅಂದರೆ ನ್ಯೂಕ್ಲಿಯಸ್ ಹೋದ ಮಾತ್ರಕ್ಕೆ ಆಮ್ಲಜನಕದ ಬಳಕೆ ನಿಲ್ಲುವುದಿಲ್ಲ. ಎರಡೂ ಸರಿ, ರೀಸನ್ ವಿವರಣೆಯಲ್ಲ. ಇಲ್ಲಿಗೆ ಅನುಮಾನ ಮುಗಿಯುತ್ತದೆ.

ಮುಂದೆ ರೀಸನ್ ಹಾಗೇ ಬಿಟ್ಟು ಅಸರ್ಷನ್ ಮಾತ್ರ ಬದಲಿಸುತ್ತೇನೆ: "ಬೆಳೆದ ಕೆಂಪು ರಕ್ತಕಣಗಳು ವಿಭಜನೆ ಆಗುವುದಿಲ್ಲ." ಜೀವಕೋಶ ವಿಭಜನೆ ಆಗಬೇಕಾದರೆ ಮೊದಲು ಡಿಎನ್ಎ ಇಮ್ಮಡಿಯಾಗಬೇಕು. ನ್ಯೂಕ್ಲಿಯಸ್ಸೇ ಇಲ್ಲದ ಮೇಲೆ ಇಮ್ಮಡಿಯಾಗಲು ಡಿಎನ್ಎ ಎಲ್ಲಿದೆ? ಈಗ ಅದೇ ರೀಸನ್ ಸರಿಯಾದ ವಿವರಣೆ. ಒಂದು ವಾಕ್ಯ ವಿವರಣೆ ಹೌದೋ ಅಲ್ಲವೋ ಎಂಬುದು ಮೇಲಿನ ಸಾಲು ಏನು ಕೇಳುತ್ತಿದೆ ಎಂಬುದರ ಮೇಲೆ ನಿಂತಿದೆ. ಇದು ಮಕ್ಕಳಿಗೆ ಹೊಳೆಯುವುದು ಈ ಜೋಡಿ ನೋಡಿದಾಗಲೇ.

ಇಲ್ಲೊಂದು ಜಾಗ್ರತೆ ಬೇಕು. ಒಬ್ಬಳು ಹುಡುಗಿ ಕೇಳಿದಳು: "ಸರ್, ನರಕೋಶಕ್ಕೆ ನ್ಯೂಕ್ಲಿಯಸ್ ಇದೆ, ಆದರೂ ವಿಭಜನೆ ಆಗುವುದಿಲ್ಲ. ಹಾಗಾದರೆ ನ್ಯೂಕ್ಲಿಯಸ್ ಇಲ್ಲದ್ದು ಕಾರಣ ಹೇಗೆ?" ಒಂದೇ ಫಲಕ್ಕೆ ಬೇರೆ ಬೇರೆ ಜೀವಕೋಶಗಳಲ್ಲಿ ಬೇರೆ ಕಾರಣ ಇರಬಹುದು. ಬೆಳೆದ ನರಕೋಶ ಕೋಶಚಕ್ರದಿಂದಲೇ ಹೊರಬಂದು ಜಿ-ಸೊನ್ನೆ ಹಂತದಲ್ಲಿ ನಿಂತಿರುತ್ತದೆ. ಅದರಿಂದ ಕೆಂಪು ಕಣದ ಕಾರಣ ಸುಳ್ಳಾಗುವುದಿಲ್ಲ. ಹಾಗಾಗಿ ಇನ್ನೊಂದು ಕಣ ಹುಡುಕುವಾಗ, ರೀಸನ್ ಇದ್ದೂ ಫಲ ಇಲ್ಲದ್ದನ್ನು ಹುಡುಕಬೇಕು. ಪ್ಲೇಟ್‌ಲೆಟ್ ಅಂಥದ್ದು, ನರಕೋಶ ಅಲ್ಲ.