ಹಸಿಮೆಣಸಿನಕಾಯಿಯ ಖಾರ ಇರುವುದು ಬೀಜದಲ್ಲಲ್ಲ, ಬಿಳಿ ತಿರುಳಿನಲ್ಲಿ

ಖಾರ ಕಡಿಮೆಯಾಗಲೆಂದು ಹಸಿಮೆಣಸಿನಕಾಯಿಯನ್ನು ಸೀಳಿ ಬೀಜವನ್ನಷ್ಟೇ ಕೊಡವಿ ಹಾಕುವ ರೂಢಿ ಅನೇಕ ಮನೆಗಳಲ್ಲಿದೆ. ನಾನೂ ಬಹಳ ವರ್ಷ ಹಾಗೆಯೇ ಮಾಡುತ್ತಿದ್ದೆ. ಆದರೂ ಮೊಮ್ಮಕ್ಕಳು ಚಟ್ನಿಯನ್ನು ಬಾಯಿಗಿಟ್ಟೊಡನೆ ನೀರು ಕೇಳುತ್ತಿದ್ದರು. ಕಾಯಿಯನ್ನು ಉದ್ದಕ್ಕೆ ಸೀಳಿದಾಗ ತೊಟ್ಟಿನ ಬುಡದಿಂದ ಕೆಳಗಿಳಿಯುವ, ಬೀಜಗಳು ಅಂಟಿಕೊಂಡಿರುವ ಮೆತ್ತನೆಯ ಬಿಳಿ ತಿರುಳು ಕಾಣುತ್ತದೆಯಲ್ಲವೇ, ಖಾರವನ್ನು ಕೊಡುವ ಕ್ಯಾಪ್ಸೈಸಿನ್ ಎಂಬ ವಸ್ತು ತಯಾರಾಗುವುದು ಅಲ್ಲಿಯೇ. ಬೀಜ ತಾನಾಗಿ ಖಾರವನ್ನು ಉತ್ಪತ್ತಿ ಮಾಡುವುದಿಲ್ಲ. ತಿರುಳಿಗೆ ತಾಗಿಕೊಂಡಿರುವುದರಿಂದ ಅದರ ಮೈಗೆ ಖಾರ ಹತ್ತಿರುತ್ತದೆ, ಅಷ್ಟೆ. ತಿರುಳು ತೊಟ್ಟಿನ ಕಡೆಗೆ ದಟ್ಟವಾಗಿರುವುದರಿಂದ, ಕಾಯಿಯ ತುದಿಯನ್ನು ಕಚ್ಚಿ ನೋಡಿ ಖಾರವಿಲ್ಲವೆಂದು ನಂಬಿದವರು ಮೋಸಹೋಗುತ್ತಾರೆ.

ಗಾಂಧಿಬಜಾರಿನಲ್ಲಿ ಒಂದೇ ಗುಡ್ಡೆಯಿಂದ ಆರಿಸಿ ತಂದ ಕಾಯಿಗಳಲ್ಲಿಯೂ ಒಂದು ಸಪ್ಪೆ, ಮತ್ತೊಂದು ಕಡುಖಾರ ಇರುವುದುಂಟು. ಆದುದರಿಂದ ತೊಟ್ಟಿನ ಹತ್ತಿರ ಕತ್ತರಿಸಿದ ಜಾಗಕ್ಕೆ ಬೆರಳು ಸೋಕಿಸಿ, ನಾಲಿಗೆಯ ತುದಿಗೆ ಮುಟ್ಟಿಸಿ ನೋಡಿಯೇ ಎಷ್ಟು ಕಾಯಿ ಬೇಕೆಂದು ನಿರ್ಧರಿಸುವುದು ಒಳ್ಳೆಯದು.

ಅರ್ಧ ಹೋಳು ತೆಂಗಿನಕಾಯಿಯ ಚಟ್ನಿಗೆ ನಾನು ಐದು ಮೆಣಸಿನಕಾಯಿ ತೆಗೆದುಕೊಳ್ಳುತ್ತೇನೆ. ಮೂರನ್ನು ಸೀಳಿ, ಚಮಚದ ಹಿಡಿಯಿಂದ ತೊಟ್ಟಿನ ಕಡೆಯಿಂದ ಆರಂಭಿಸಿ ತಿರುಳನ್ನು ಬೀಜಸಮೇತ ಕೆರೆದು ತೆಗೆಯುತ್ತೇನೆ; ಉಳಿದ ಎರಡನ್ನು ಹಾಗೆಯೇ ಹಾಕುತ್ತೇನೆ. ಹೀಗೆ ಮಾಡಿದರೆ ಕಾಯಿಯ ಹಸಿರು ಪರಿಮಳ ಐದರದೂ ಉಳಿಯುತ್ತದೆ, ಖಾರ ಮಾತ್ರ ಇಳಿಯುತ್ತದೆ. ಬರಿಯ ಎರಡೇ ಕಾಯಿ ಹಾಕಿ ರುಬ್ಬಿದರೆ ಆ ಪರಿಮಳ ಬರುವುದಿಲ್ಲ. ಇಷ್ಟಾದರೂ ಖಾರ ಹೆಚ್ಚಾಯಿತೆನ್ನಿಸಿದರೆ ಇನ್ನಷ್ಟು ತೆಂಗಿನತುರಿ, ಒಂದು ಹಿಡಿ ಹುರಿಗಡಲೆ ಸೇರಿಸಿ ಮತ್ತೆ ರುಬ್ಬಿ, ಬಡಿಸುವಾಗ ಎರಡು ಚಮಚ ಮೊಸರು ಬೆರೆಸಬಹುದು. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದು ಅತ್ಯಲ್ಪ, ಜಿಡ್ಡಿನಲ್ಲಿ ಚೆನ್ನಾಗಿ ಕರಗುತ್ತದೆ. ಹಾಲು ಮೊಸರುಗಳಲ್ಲಿರುವ ಕೇಸಿನ್ ಎಂಬ ಪ್ರೋಟೀನು ಅದನ್ನು ಹಿಡಿದುಕೊಳ್ಳುತ್ತದೆ. ಬಾಯಿ ಉರಿದ ಮಗುವಿಗೆ ನೀರಿಗಿಂತ ಮೊಸರು ಕೊಡಬೇಕೆನ್ನುವುದೂ ಇದೇ ಕಾರಣಕ್ಕೆ.

ಉಪ್ಪಿಟ್ಟಿನ ಒಗ್ಗರಣೆಯ ವಿಷಯ ಬೇರೆ. ಅಲ್ಲಿ ಸೀಳಿದ ಕಾಯಿಯನ್ನು ಎಣ್ಣೆಗೆ ಹಾಕಿದರೆ ತಿರುಳಿನ ಖಾರವೆಲ್ಲ ಎಣ್ಣೆಗಿಳಿದು ರವೆಯ ಕಣಕಣಕ್ಕೂ ಹರಡುತ್ತದೆ, ಬೇಯಿಸಿದ ಮಾತ್ರಕ್ಕೆ ಅದು ನಾಶವಾಗುವುದೂ ಇಲ್ಲ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕಾಯಿಯನ್ನು ಇಡಿಯಾಗಿ ಹಾಕಿ, ಬಡಿಸುವ ಮುನ್ನ ಆರಿಸಿ ತೆಗೆಯುವುದು ಲೇಸು. ಆದರೆ ತುದಿಯನ್ನು ಸ್ವಲ್ಪವೇ ಚಿವುಟಿರಬೇಕು, ಇಲ್ಲವಾದರೆ ಕಾದ ಎಣ್ಣೆಯಲ್ಲಿ ಒಳಗಿನ ಹಬೆಗೆ ಕಾಯಿ ಸಿಡಿದು ಮುಖಕ್ಕೆ ಹಾರೀತು.

ತಿರುಳು ಕೆರೆದ ಕೈ ಬರಿಯ ನೀರಿನಿಂದ ಶುದ್ಧವಾಗುವುದಿಲ್ಲ. ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ಉಗುರಿನ ಸಂದಿಯವರೆಗೂ ತಿಕ್ಕಿ, ಅನಂತರ ಸೋಪಿನಿಂದ ತೊಳೆಯಬೇಕು. ಅದಾಗುವವರೆಗೆ ಕಣ್ಣು ಮುಟ್ಟಿಕೊಳ್ಳಬಾರದು, ಮಗುವನ್ನೂ ಎತ್ತಿಕೊಳ್ಳಬಾರದು.