ಸಂಬಳವಿಲ್ಲದಿದ್ದರೂ ಅದು ಕೆಲಸವೇ: ವಿದೇಶಿ ಸ್ವಯಂಸೇವಕರ ವೀಸಾ, ನನ್ನ ಅನುಭವ

ಗೋಕರ್ಣದಲ್ಲಿ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಕಡಲಾಮೆಯ ಗೂಡುಗಳನ್ನು ಕಾಯುವ ಊರಿನ ನೋಂದಾಯಿತ ಸಂಸ್ಥೆಯೊಂದರ ಕಾಗದಪತ್ರಗಳನ್ನೂ ನಾನೇ ನೋಡಿಕೊಳ್ಳುತ್ತೇನೆ. ಹಾಗಾಗಿ ಸೇವೆ ಯಾವುದು, ದುಡಿಮೆ ಯಾವುದು ಎಂಬ ಪ್ರಶ್ನೆ ಪ್ರತಿ ಚಳಿಗಾಲವೂ ನನ್ನೆದುರು ಬರುತ್ತದೆ.

ಒಮ್ಮೆ ಇ-ಟೂರಿಸ್ಟ್ ವೀಸಾದಲ್ಲಿ ಬಂದಿದ್ದ ಡಚ್ ಯುವತಿಯೊಬ್ಬಳು, ಬೆಳಗಿನ ಹೊತ್ತು ನಮ್ಮ ಬುಕಿಂಗ್ ನೋಡಿಕೊಳ್ಳುತ್ತೇನೆ, ಬದಲಿಗೆ ಕೋಣೆ ಮತ್ತು ಊಟ ಕೊಡಿ ಎಂದಳು. ನಾನು ಒಪ್ಪಲಿಲ್ಲ. ‘ಸಂಬಳ ಕೊಡುವುದಿಲ್ಲವಲ್ಲ, ಮತ್ತೇನು ತೊಂದರೆ ಮಾರಾಯರೇ?’ ಎಂದು ಪಕ್ಕದ ಹೋಂಸ್ಟೇಯವರು ಕೇಳಿದರು. ಇ-ಟೂರಿಸ್ಟ್ ವೀಸಾದಲ್ಲಿ ಸ್ವಯಂಸೇವೆಗೆ ಅವಕಾಶವಿದೆ, ಆದರೆ ಹೆಚ್ಚೆಂದರೆ ಒಂದು ತಿಂಗಳು. ಅದಕ್ಕೆ ಹಣವಷ್ಟೇ ಅಲ್ಲ, ಯಾವ ರೂಪದ ಪ್ರತಿಫಲವೂ ಇರಬಾರದು. ಕೆಲಸಕ್ಕೆ ಬದಲಾಗಿ ಕೊಟ್ಟ ಕೋಣೆ ಪ್ರತಿಫಲವಲ್ಲದೆ ಮತ್ತೇನು? ನಾನು ಇನ್ನೊಂದನ್ನೂ ಕೇಳಿಕೊಳ್ಳುತ್ತೇನೆ: ಇವರು ಬಾರದಿದ್ದರೆ ಆ ಕೆಲಸಕ್ಕೆ ಊರಿನ ಹುಡುಗನೊಬ್ಬನಿಗೆ ಸಂಬಳ ಕೊಡುತ್ತಿದ್ದೆನೇ? ಬುಕಿಂಗ್ ಕೆಲಸಕ್ಕೆ ಖಂಡಿತ ಕೊಡುತ್ತಿದ್ದೆ. ಅತಿಥಿಗಳಿಂದ ಶುಲ್ಕ ಪಡೆದು ನಡೆಸುವ ಯೋಗ ತರಗತಿಯನ್ನು ವಿದೇಶಿಯೊಬ್ಬರು ‘ಉಚಿತವಾಗಿ’ ಕಲಿಸಿಕೊಡುತ್ತೇನೆಂದಾಗಲೂ ನಾನು ಬೇಡವೆಂದದ್ದು ಇದೇ ಕಾರಣಕ್ಕೆ.

ಆಕೆಗೆ ಬೇರೆ ದಾರಿ ಮಾಡಿದೆವು. ಎಲ್ಲ ಅತಿಥಿಗಳಂತೆ ಬಾಡಿಗೆ ಕೊಟ್ಟು, ರಸೀದಿ ಪಡೆದು ಉಳಿದಳು. ಬಂದ 24 ಗಂಟೆಯೊಳಗೆ, ವಿದೇಶಿ ಅತಿಥಿಯ ಬಗ್ಗೆ ಸರ್ಕಾರಕ್ಕೆ ಕೊಡಬೇಕಾದ, ನಾವು ಈಗಲೂ ಸಿ ಫಾರಂ ಎಂದೇ ಕರೆಯುವ ಮಾಹಿತಿಯನ್ನು ಆನ್‌ಲೈನ್‌ನಲ್ಲಿ ತುಂಬಿದ್ದೆ. ಸಂಸ್ಥೆಯ ಪರವಾಗಿ ಒಂದು ಪತ್ರ ಬರೆದೆವು: ಅರಣ್ಯ ಇಲಾಖೆಯ ಸಿಬ್ಬಂದಿಯ ಜೊತೆ ರಾತ್ರಿ ದಂಡೆಯಲ್ಲಿ ನಡೆಯುವುದು, ಗೂಡಿನ ಸುತ್ತ ಬಲೆ ಕಟ್ಟುವುದು, ಅವಧಿ ಮೂರು ವಾರ, ಹಣ, ವಸತಿ, ಊಟ ಯಾವುದೂ ಇಲ್ಲ. ಆರಂಭದ ಮತ್ತು ಕೊನೆಯ ದಿನಾಂಕಗಳನ್ನು ಸ್ಪಷ್ಟವಾಗಿ ನಮೂದಿಸಿದೆವು. ವೀಸಾದ ಅವಧಿ ಇನ್ನೂ ಉಳಿದಿದೆ ಎಂಬ ಕಾರಣಕ್ಕೆ ಸೇವೆಯನ್ನು ಬೆಳೆಸುವಂತಿಲ್ಲವಲ್ಲ.

ಮುಂದಿನ ವರ್ಷ ಇಡೀ ಹಂಗಾಮು ಇರಬೇಕೆಂಬುದು ಆಕೆಯ ಆಸೆ. ಅದಕ್ಕೆ ಬೇಕಾದದ್ದು ಎಂಪ್ಲಾಯ್‌ಮೆಂಟ್ ವೀಸಾ. ಪ್ರವಾಸಿ ವೀಸಾವನ್ನು ಇಲ್ಲಿದ್ದುಕೊಂಡೇ ಅದಕ್ಕೆ ಬದಲಾಯಿಸಿಕೊಳ್ಳಲಾಗದು, ತನ್ನ ದೇಶಕ್ಕೆ ಹೋಗಿಯೇ ಅರ್ಜಿ ಹಾಕಬೇಕು. ಈ ವೀಸಾಕ್ಕೆ ಸಾಮಾನ್ಯವಾಗಿ ವರ್ಷಕ್ಕೆ 16.25 ಲಕ್ಷ ರೂಪಾಯಿ ಸಂಬಳ ಇರಬೇಕೆಂಬ ನಿಯಮವಿದೆ. ನೋಂದಾಯಿತ ಸ್ವಯಂಸೇವಾ ಸಂಸ್ಥೆಯಲ್ಲಿ ಗೌರವ ಸೇವೆಗೆ ಬರುವವರಿಗೆ ಅದರಿಂದ ವಿನಾಯಿತಿ ಇದೆ. ನೋಂದಣಿ ಪತ್ರದ ಪ್ರತಿ ಮತ್ತು ಆಹ್ವಾನ ಪತ್ರ ಕಳುಹಿಸಿದೆವು. ವೀಸಾದ ಮೇಲೆ ನಮ್ಮ ಸಂಸ್ಥೆಯ ಹೆಸರು ಮತ್ತು ಕೆಲಸದ ಸ್ಥಳ ಎರಡೂ ಅಚ್ಚಾಗಿ ಬಂದವು.

ಆ ಎರಡು ಸಾಲುಗಳೇ ಗಡಿ. ಈ ವೀಸಾ ಇದ್ದರೂ ಆಕೆ ನನ್ನ ಹೋಂಸ್ಟೇಯ ಬುಕಿಂಗ್ ಮುಟ್ಟುವಂತಿಲ್ಲ. ಹೊನ್ನಾವರದ ಗೆಳೆಯರು ಕೆಲವು ವಾರ ತಮ್ಮ ದಂಡೆಗೂ ಆಕೆಯನ್ನು ಕಳುಹಿಸಿಕೊಡಿ ಎಂದು ಕೇಳಿದರು. ವೀಸಾದಲ್ಲಿ ಅವರ ಹೆಸರೂ ಇಲ್ಲ, ಊರೂ ಇಲ್ಲ ಎಂದು ತಿಳಿಸಿ, ನಮ್ಮೂರಿನ ಇಬ್ಬರು ಹುಡುಗರನ್ನು ಕಳುಹಿಸಿದೆವು.